ಕೊನೆಯ ಸಾಲಿನಲ್ಲಿದ್ದ ಕೊಲ್ಯಾಬ್

ಯಶವಂತನಗರದ ಆ ಹೆಣ್ಣುಮಗಳ ಧ್ವನಿ ನನ್ನ ಫೋನಿಗೆ ಬಂದಾಗ ನಾನು ಹೊಸಪೇಟೆ ಚಿತ್ತವಾಡ್ಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ಬರೆಯಲು ಕೈ ಹೋಗದವರು ಹಾಗೆ ಮಾತನ್ನೇ ತುಂಬಿ ಕಳಿಸುತ್ತಾರೆ. ಮೊಣಕೈಯಿಂದ ಮೊರ ಸರಿಸಿ ಫೋನನ್ನು ಕಿವಿಗೆ ಹಿಡಿದೆ.

"ಅಕ್ಕಾರ, ನೀವು ಹೇಳಿದ ಪುಡಿ ಕುಡಿಯಾಕ ಹತ್ತಿ ಎರಡು ತಿಂಗಳಾತ್ರಿ. ಶುಗರ್ ಗುಳಿಗಿ ಪೂರಾ ಬಿಟ್ಟೀನಿ. ಈಗ ಬಲಗಾಲಿನ ಬೆರಳು ಕರ್ರಗಾಗೈತ್ರಿ, ವಾಸನಿ ಬರತೈತಿ. ಪುಡಿ ಮೂರು ಹೊತ್ತು ಕುಡಿದ್ರ ನಡಿತೈತೇನ್ರಿ?"

ಕೊನೆಗೆ, ತೊಂದರೆ ಕೊಟ್ಟೆನೇನೋ ಎನ್ನುವಂತೆ ಸಣ್ಣಗೆ ನಕ್ಕಿದ್ದರು. ಅವರು ಕೇಳುತ್ತಿದ್ದುದು ಪುಡಿ ಬಿಡಲೇ ಎಂದಲ್ಲ, ಹೆಚ್ಚು ಮಾಡಲೇ ಎಂದು.

ಈ ಪುಡಿಗೂ ನನಗೂ ಹೇಗೆ ಗಂಟುಬಿತ್ತು ಎಂಬುದನ್ನು ಮೊದಲು ಹೇಳಬೇಕು. ಹೇಳುವಾಗ ನನ್ನ ಕಡೆಗೆ ಒಂದಿಷ್ಟೂ ಜಗ್ಗಿ ಹೇಳಬಾರದು.

ನನಗೆ ಮಾತು ಕಲಿಸಿದ್ದು ಶಾಲೆಯಲ್ಲ. ಕಂಪ್ಲಿಯಲ್ಲಿದ್ದ ನಮ್ಮ ಅವ್ವನ ತಾಯಿ, ಅವಳ ಜೊತೆಗಾರ್ತಿಯರು, ಭತ್ತದ ಗದ್ದೆಯಿಂದ ಬಂದು ಕೈಕಾಲು ತೊಳೆದು ಎಲಡಿಕೆ ಹಾಕಿಕೊಂಡು ಕೂರುತ್ತಿದ್ದ ಹೆಂಗಸರು. ಅವರ ನಡುವೆ ಒಂದು ಕಟ್ಟುಪಾಡಿತ್ತು. ಯಾರೇ ಏನೇ ಸುದ್ದಿ ತೆಗೆದರೂ "ಕಂಡದ್ದೋ, ಕೇಳಿದ್ದೋ?" ಎಂದು ಇನ್ನೊಬ್ಬಳು ಕೇಳಿಬಿಡುತ್ತಿದ್ದಳು. ಕೇಳಿದ್ದು ಎಂದರೆ ಎಲ್ಲರೂ ನಕ್ಕು ಕೇಳುತ್ತಿದ್ದರು. ಕಂಡದ್ದು ಎಂದರೆ ಅಡಿಕೆ ಕತ್ತರಿಸುವ ಕೈ ನಿಲ್ಲುತ್ತಿತ್ತು. ಅಜ್ಜಿ ಹೋದ ಮೇಲೆ ಅವಳ ಮಾತುಗಳು ನನ್ನ ಬಾಯಲ್ಲಿ ಉಳಿದಿದ್ದವು. ನನ್ನ ತಂಗಿ ನಮ್ಮ ಓಣಿಯಲ್ಲೇ ಇರುವವಳು. ಅವಳು ಒಂದು ದಿನ ನಾನು ಹಾಗೆ ಮಾತಾಡುತ್ತಿದ್ದುದನ್ನು ಫೋನಿನಲ್ಲಿ ಹಿಡಿದು, ಸಣ್ಣ ವಿಡಿಯೋ ಹಾಕುವ ಆ್ಯಪಿನಲ್ಲಿ ಹಾಕಿದಳು. ಅಲ್ಲಿಂದ ನಮ್ಮದೊಂದು ಪುಟವಾಯಿತು. ಪ್ರತಿ ಸಲ "ಕಂಡದ್ದು ಹೇಳ್ತೀನಿ" ಎಂದೋ "ಕೇಳಿದ್ದು ಹೇಳ್ತೀನಿ" ಎಂದೋ ಶುರು ಮಾಡುತ್ತಿದ್ದೆ. ಹಂಪಿಯ ಒಂದು ಮಂಟಪದ ನೆರಳಲ್ಲಿ ಕೂತು, ಅಜ್ಜಿ ಅಲ್ಲಿ ಶೇಂಗಾ ಮಾರುತ್ತಿದ್ದ ಕಾಲದ್ದನ್ನು ಹೇಳಿದಾಗ ಊರೂರಿನ ಹೆಂಗಸರು ಬರೆದರು: ನಮ್ಮ ಅಜ್ಜಿ ಮತ್ತೊಮ್ಮೆ ಮಾತಾಡಿದಂಗಾತು ಅಂತ. ಒಂದೂವರೆ ಸಾವಿರ ಜನ ನಮ್ಮನ್ನು ಹಿಂಬಾಲಿಸುತ್ತಿದ್ದರು. ಆ ಒಂದೂವರೆ ಸಾವಿರವೂ ಮನುಷ್ಯರೇ.

ಆಗ ಬಂದವರು ಸ್ಟುಡಿಯೋದವರು. ಹೊಸಪೇಟೆಯಲ್ಲಿ ಮದುವೆಯ ವಿಡಿಯೋ ತೆಗೆಯುವ ಅಂಗಡಿ ಅವರದು. ಮದುವೆಗಳಿಲ್ಲದ ತಿಂಗಳುಗಳಲ್ಲಿ ಕಂಪನಿಗಳಿಗೂ ನಮ್ಮಂಥವರಿಗೂ ನಡುವೆ ನಿಂತು ಜಾಹೀರಾತು ಕೊಡಿಸುತ್ತಿದ್ದರು. ನಮ್ಮಪ್ಪನ ವಯಸ್ಸಿನ ಮನುಷ್ಯ, ನನ್ನನ್ನು ತಂಗೀ ಎನ್ನುತ್ತಿದ್ದರು. ಹತ್ತು ಸಾವಿರ ಮಂದಿ ಇಲ್ಲದ ಪುಟವನ್ನು ಯಾವ ಕಂಪನಿಯೂ ಕಣ್ಣೆತ್ತಿ ನೋಡುವುದಿಲ್ಲ, ಆ ಮಂದಿಯನ್ನು ತಾನು ತುಂಬಿಸಿಕೊಡುತ್ತೇನೆ ಎಂದರು. ಎಲ್ಲಿಂದ ಎಂದು ಕೇಳಿದೆ. ಸಭೆಗೆ ಲಾರಿಯಲ್ಲಿ ಜನ ಕರೆತರುವುದಿಲ್ಲವೇ, ಹಾಗೇ ಎಂದು ನಕ್ಕರು. ಲಾರಿಯಲ್ಲಿ ಬಂದವರಾದರೂ ಸಭೆಯಲ್ಲಿ ಕೂತು ಭಾಷಣ ಕೇಳುತ್ತಾರೆ. ಆ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ.

ವಾರದೊಳಗೆ ನಮ್ಮ ಪುಟದಲ್ಲಿ ಹತ್ತು ಸಾವಿರ ದಾಟಿತು. ತಂಗಿ ಪಟ್ಟಿ ತೆಗೆದು ತೋರಿಸಿದಳು. ಮುಖವಿಲ್ಲದ ಚಿತ್ರಗಳು, ಅಕ್ಷರದ ಹಿಂದೆ ಏಳೆಂಟು ಅಂಕಿ ಅಂಟಿಸಿದ ಹೆಸರುಗಳು, ಯಾವ ದೇಶದ್ದೋ ಲಿಪಿ. ಒಬ್ಬರೂ ನಮ್ಮ ಮಾತು ತಿಳಿಯುವವರಲ್ಲ. ಅಜ್ಜಿ ಸತ್ತ ಕಥೆಯ ಕೆಳಗೆ ಅವರು "ನೈಸ್" ಎಂದು ಹಾಕಿ ಬೆಂಕಿಯ ಚಿತ್ರ ಅಂಟಿಸಿದ್ದರು. ತಂಗಿ ನಕ್ಕಳು. ನಾನೂ ನಕ್ಕೆ.

ಪುಡಿಯ ಕಂಪನಿ ಸಿಕ್ಕಿದ್ದು ಆ ಸಂಖ್ಯೆ ತೋರಿಸಿ. ಬೇರು, ಬೀಜ, ಸೊಪ್ಪು ಒಣಗಿಸಿ ಮಾಡಿದ್ದಂತೆ. ಶುಗರ್ ಇಳಿಯುತ್ತದೆ ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು. ನಾನು ಓದಿ ಹೇಳುವುದು ಅವರಿಗೆ ಬೇಕಿರಲಿಲ್ಲ, ನಮ್ಮ ಮನೆಯಲ್ಲೇ ಆದದ್ದು ಎನ್ನುವ ಹಾಗೆ ಹೇಳಬೇಕಿತ್ತು. ನನಗೆ ಶುಗರ್ ಇರಲಿಲ್ಲ. ಇದ್ದದ್ದು ತೀರಿಹೋದ ನಮ್ಮ ಅತ್ತೆಗೆ, ಅವರು ಆ ಪುಡಿಯ ಹೆಸರನ್ನೂ ಕೇಳಿದವರಲ್ಲ. ಆದರೂ ಕಟ್ಟೆಯ ಮೇಲೆ ಕೂತು, ಫೋನಿನತ್ತ ನೋಡಿ, "ಕಂಡದ್ದು ಹೇಳ್ತೀನಿ" ಎಂದೆ. ನಮ್ಮ ಅತ್ತಿ ಗುಳಿಗಿ ನುಂಗಿ ನುಂಗಿ ಬ್ಯಾಸತ್ತಿದ್ದರು, ಈ ಪುಡಿ ಬಂದ ಮ್ಯಾಲ ಅವರ ಮುಖದಾಗ ಕಳಿ ಬಂತು ಎಂದೆ. ಗುಳಿಗೆ ಬಿಡಿ ಎಂದು ನಾನು ಹೇಳಲಿಲ್ಲ. ಎಷ್ಟೋ ದಿನ ಆ ಒಂದು ಮಾತನ್ನು ಹಿಡಿದುಕೊಂಡು ಕೂತಿದ್ದೆ, ಹೇಳಲಿಲ್ಲವಲ್ಲ ಎಂದು.

ತಂಗಿ ನನಗಿಂತ ಓದಿದವಳು. ದುಡ್ಡು ಪಡೆದು ಮಾಡಿದ ವಿಡಿಯೋ ಎಂದರೆ ಹಾಗೆಂದು ಮೊದಲಲ್ಲೇ ಕಾಣಿಸಬೇಕು, ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ನೋಡುವವರಿಗೆ ತಟ್ಟನೆ ತಿಳಿಯುವ ಹಾಗೆ ಬರೆಯಬೇಕು, ಬಿಟ್ಟಿ ಡಬ್ಬಿ ತೆಗೆದುಕೊಂಡರೂ ಹೇಳಬೇಕು ಎಂದು ಅವಳು ಎಲ್ಲೋ ಓದಿದ್ದಳು. ಆ್ಯಪಿನಲ್ಲೇ ಅದಕ್ಕೊಂದು ಗುಂಡಿ ಇದೆ, ಒತ್ತಿದರೆ ಹೆಸರಿನ ಕೆಳಗೆ ಅದೇ ಬರುತ್ತದೆ ಎಂದು ತೋರಿಸಿದಳು. ಸ್ಟುಡಿಯೋದವರು ಒಪ್ಪಲಿಲ್ಲ.

"ಮ್ಯಾಲ ಜಾಹೀರಾತು ಅಂತ ಬರೆದ್ರ ಯಾರು ನಿಂದ್ರತಾರವ್ವಾ? ಬೆರಳು ಜಾರಿಸಿ ಮುಂದ ಹೊಕ್ಕಾರ. ನಿನ್ನ ಮನಿಮಾತು ಅಂತ ಕೇಳಾಕ ಬಂದವ್ರು ಅವರು."

ಕೊನೆಗೆ ಒಂದು ನಡುದಾರಿ ಹುಡುಕಿದೆವು. ವಿಡಿಯೋದ ಕೆಳಗೆ ಬರೆಯುವ ಸಾಲುಗಳಿರುತ್ತವಲ್ಲ, ಅದರಲ್ಲಿ ಎರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಆ ಒಳಗಿನ ರಾಶಿಯ ತೀರಾ ಕೊನೆಗೆ, ಹೊಸಪೇಟೆ, ಹಂಪಿ, ಕಂಪ್ಲಿ, ಅಜ್ಜಿ, ಆರೋಗ್ಯ ಎಂದೆಲ್ಲ ಸಾಲಾಗಿ ಬರೆದ ಮೇಲೆ, "ಕೊಲ್ಯಾಬ್" ಎಂದು ಒಂದು ಪದ ಹಾಕಿದೆವು. ಕಂಪನಿಯ ಜೊತೆ ಸೇರಿ ಮಾಡಿದ್ದು ಎಂಬುದಕ್ಕೆ ಈ ಕಸುಬಿನವರು ಬಳಸುವ ಪದ. ಕನ್ನಡ ಅಕ್ಷರದಲ್ಲೇ ಬರೆಯೋಣ, ಆಗ ಕನ್ನಡದಲ್ಲಿ ಹೇಳಿದ ಹಾಗೂ ಆಯಿತು ಎಂದವಳು ನಾನೇ. ಅಕ್ಷರ ಕನ್ನಡದ್ದಾದರೆ ಮಾತು ಕನ್ನಡವಾಗಿಬಿಡುತ್ತದೆ ಎಂದು, ಅಷ್ಟು ಜನ ಹಿರಿಯರಿಂದ ಮಾತು ಕಲಿತವಳು, ನಾನು ನಂಬಿದೆ.

ಅದರ ಜೊತೆಗೆ ಒಂದು ಬಹುಮಾನವನ್ನೂ ಇಟ್ಟರು. ಪುಟವನ್ನು ಹಿಂಬಾಲಿಸಿ, ಮನೆಯಲ್ಲಿ ಶುಗರ್ ಇರುವ ಮೂವರ ಹೆಸರು ಕೆಳಗೆ ಬರೆಯಿರಿ, ಒಬ್ಬರಿಗೆ ಮಿಕ್ಸರ್. ಯಾವತ್ತಿನವರೆಗೆ, ಯಾರು ಹೇಗೆ ಆರಿಸುತ್ತಾರೆ, ಯಾವುದನ್ನೂ ಬರೆಯಲಿಲ್ಲ. ಅಣ್ಣ ತಮ್ಮಂದಿರ, ಅತ್ತೆಯಂದಿರ, ಪಕ್ಕದ ಮನೆಯವರ ಹೆಸರುಗಳನ್ನು ಜನ ಪೂರಾ ನಂಬಿಕೆಯಿಂದ ತಂದು ಸುರಿದರು. ಕಂಪನಿಯವರೂ ದುಡ್ಡು ಕೊಟ್ಟು ಆ ವಿಡಿಯೋವನ್ನು ಎಲ್ಲರ ಫೋನಿಗೆ ದೂಡಿದರು. ಚೀಟಿ ಎತ್ತುವ ದಿನ ಬಟ್ಟಲಿನಲ್ಲಿ ಇದ್ದದ್ದು ಒಂದೇ ಹೆಸರಿನ ಚೀಟಿಗಳು. ಕಂಪ್ಲಿಯಲ್ಲಿರುವ ಸ್ಟುಡಿಯೋದವರ ನಾದಿನಿಯ ಹೆಸರು. ನನಗೆ ತಿಳಿದದ್ದು ಎರಡನೆಯ ಚೀಟಿ ಜಾರಿ ಬಿಚ್ಚಿಕೊಂಡಾಗ. ವಿಡಿಯೋ ಆಗಲೇ ನಡೆಯುತ್ತಿತ್ತು. ನಗುತ್ತಲೇ ಹೆಸರು ಓದಿದೆ.

ಇಷ್ಟಾದ ಎರಡು ತಿಂಗಳಿಗೆ ಆ ಧ್ವನಿ ಬಂದದ್ದು.

ಪುಡಿ ನಿಲ್ಲಿಸಿ, ಈಗಲೇ ಆಸ್ಪತ್ರೆಗೆ ಹೋಗಿ ಎಂದು ಅವರಿಗೆ ಬರೆದೆ, ಮಾತಾಡಿಯೂ ಕಳಿಸಿದೆ. ಅವರು ನೋಡಿದ ಗುರುತೇ ಬರಲಿಲ್ಲ. ಧ್ವನಿ ಬಂದದ್ದು ಆ್ಯಪಿನಲ್ಲೇ ಆದ್ದರಿಂದ ನಂಬರೂ ಇರಲಿಲ್ಲ, ಇದ್ದದ್ದು ಹೆಸರು, ಊರು ಮತ್ತು ಗಣಿಯ ಕ್ಯಾಂಟೀನಿನ ಮುಂದೆ ನಿಂತ ಒಂದು ಚಿತ್ರ. ಮರುದಿನ ಬೆಳಿಗ್ಗೆ ತಂಗಿಯನ್ನು ಕರೆದುಕೊಂಡು ಸಂಡೂರಿನ ಬಸ್ಸು ಹತ್ತಿದೆ. ಸಂಡೂರಿನಿಂದ ಮತ್ತೊಂದು ಬಸ್ಸು. ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಹೋಗಿ ಯಶವಂತನಗರದಲ್ಲಿ ಇಳಿದು ಚಿತ್ರ ತೋರಿಸಿದರೆ, ಗಣಿಯ ಕಂಪನಿ ಬಸ್ಸಿಗೆ ಕಾಯುತ್ತಿದ್ದ ಒಬ್ಬರು, ರೊಟ್ಟಿ ಬಡಿಯುವಾಕಿ ಅಲ್ಲೇನ್ರಿ, ಎರಡು ವಾರದಿಂದ ಬಂದಿಲ್ಲ ಎಂದು ಮನೆಯ ದಾರಿ ತೋರಿಸಿದರು.

ಬಾಗಿಲಲ್ಲಿ ನನ್ನನ್ನು ಕಂಡ ಆ ಹೆಣ್ಣುಮಗಳು ಗೋಡೆ ಹಿಡಿದು ಎದ್ದು ನಿಂತರು. ನಲವತ್ತೈದರ ಆಸುಪಾಸು. ಬಲಗಾಲಿಗೆ ಹಳೆಯ ಸೀರೆಯ ಚೂರು ಸುತ್ತಿದ್ದರು. ಪಕ್ಕದ ಮನೆಯವರನ್ನು ಕೂಗಿ, ಬರ್ರಿ, ಫೋನಿನ ಅಕ್ಕಾರು ನಮ್ಮನಿಗೆ ಬಂದಾರ ನೋಡ್ರಿ ಎಂದು ಕರೆದರು. ಕುಂದ್ರಿಸಿದರು. ಆ ಕಾಲಿನಲ್ಲೇ ಕುಂಟುತ್ತ ಹೋಗಿ ಚಹಾಕ್ಕೆ ಇಟ್ಟರು. ಬ್ಯಾಡ ಎಂದರೆ ಕೇಳಲಿಲ್ಲ. ಡಬ್ಬಿ ಗೂಡಿನಲ್ಲಿತ್ತು, ಪಕ್ಕದಲ್ಲಿ ಇನ್ನೂ ಎರಡು ತೆಗೆಯದ ಡಬ್ಬಿ. ಕೋಣೆಯೊಳಗೆ ಊದುಬತ್ತಿ ಹಚ್ಚಿದ್ದರು. ಅದು ಯಾಕೆ ಎಂದು ಕಾಲಿನ ಹತ್ತಿರ ಕೂತ ಮೇಲೆ ತಿಳಿಯಿತು.

ಹೇಳಲೇಬೇಕಿತ್ತು. ಹೇಳಿದೆ. ನಮ್ಮ ಅತ್ತಿ ಆ ಪುಡಿ ಕುಡಿದಿಲ್ಲ, ನಾನು ಕಂಡಿದ್ದಲ್ಲ, ರೊಕ್ಕ ಕೊಟ್ಟರು ಅಂತ ಹೇಳಿದೆ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ನಾನು ಏನೋ ತಪ್ಪು ತಿಳಿದುಕೊಂಡು ಮಾತಾಡುತ್ತಿದ್ದೇನೆ ಎನ್ನುವ ಹಾಗೆ ಸಮಾಧಾನ ಮಾಡಲು ಬಂದರು.

"ಇಲ್ರಿ ಅಕ್ಕಾರ, ಅದನ್ನ ಲ್ಯಾಬಿನಾಗ ನೋಡ್ಯಾರ. ನೀವಾ ಬರೆದೀರಲ್ರಿ."

"ಎಲ್ಲಿ ಬರೆದೀನಿ?"

"ಕೆಳಗ, ಎಲ್ಲಾಕ್ಕಿಂತ ಕೆಳಗ. ಕೊಲ್ಯಾಬ್ ಅಂತ. ನಾ ಒಂದೂ ಬಿಡದಂಗ ಓದೀನ್ರಿ."

ಪಕ್ಕದ ಮನೆಯಾಕೆ ಬಾಗಿಲಿಗೆ ಒರಗಿ, ತಾನೇ ಅದನ್ನು ಬಿಡಿಸಿ ಹೇಳಿದ್ದಾಗಿ ಸೇರಿಸಿದಳು. "ಕೊಲ್ಲಾಪುರದ ಲ್ಯಾಬ್ ಇರಬೇಕು ಬಿಡ, ಅಲ್ಲಿಯವ್ರು ಭಾಳ ಚಲೋ ನೋಡ್ತಾರ ಅಂದೆ."

ಆಮೇಲೆ ಇಬ್ಬರೂ ನಕ್ಕರು, ನಾವೂ ನಗಬೇಕೆಂದು ಕಾದರು. ರಕ್ತ ಕೊಡಲು ಸಂಡೂರಿನ ಲ್ಯಾಬಿಗೆ ಹೋಗಿ ಬಂದವರಿಗೆ ಲ್ಯಾಬ್ ಎಂದರೆ ಗೊತ್ತು. ಲ್ಯಾಬಿನ ಚೀಟಿ ನೋಡಿಯೇ ಅಲ್ಲವೇ ಡಾಕ್ಟರು ಮಾತಾಡುವುದು. ಸಾವಿರಾರು ಜನ ಆ ವಿಡಿಯೋ ನೋಡಿರಬೇಕು. ಒತ್ತಿ ತೆರೆದು, ಕೊನೆಯ ಸಾಲಿನವರೆಗೆ ಓದಿದವರು ಇವರೊಬ್ಬರೇ ಇದ್ದರೂ ಇರಬಹುದು. ನಾವು ತಪ್ಪಿಸಿಕೊಳ್ಳಲು ಬಚ್ಚಿಟ್ಟ ಪದವನ್ನು ಹುಡುಕಿ ತೆಗೆದು, ಅದನ್ನೇ ಸಾಕ್ಷಿ ಮಾಡಿಕೊಂಡು ಗುಳಿಗೆ ಬಿಟ್ಟಿದ್ದರು.

ಸಂಡೂರಿನ ಆಸ್ಪತ್ರೆಗೆ ಆಟೋದಲ್ಲಿ ಕರೆತಂದೆವು. ಬಟ್ಟೆ ಬಿಚ್ಚಿದ ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಬಗ್ಗಿದರು. ಎರಡು ಬೆರಳು ಸತ್ತಿವೆ, ಮೂರನೆಯದಕ್ಕೆ ಹತ್ತುತ್ತಿದೆ, ಬಳ್ಳಾರಿಗೆ ಕಳಿಸಬೇಕು ಎಂದರು. ಗುಳಿಗೆ ಯಾಕೆ ಬಿಟ್ಟಿರಿ, ಯಾರು ಹೇಳಿದರು ಎಂದು ಕೇಳಿದರು. ಆ ಹೆಣ್ಣುಮಗಳು ನನ್ನ ಕಡೆ ತಿರುಗಿ ನೋಡಿ, ಯಾರೂ ಹೇಳಿಲ್ರಿ, ನಾನಾ ಬಿಟ್ಟೆ ಎಂದರು. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ದುಡ್ಡು ಪಡೆದು, ಅದನ್ನು ಮುಚ್ಚಿಟ್ಟು ವಿಡಿಯೋದಲ್ಲಿ ಹೇಳಿದವಳು ನಾನು ಎಂದೆ. ಡಾಕ್ಟರಮ್ಮ ಬಯ್ಯಲಿಲ್ಲ. ಶುಗರ್ ವಾಸಿಯಾಗುತ್ತದೆ ಎಂದು ಜಾಹೀರಾತು ಮಾಡುವುದೇ ಕಾನೂನಿಗೆ ವಿರುದ್ಧ, ಮೇಲೆ ಜಾಹೀರಾತು ಎಂದು ದೊಡ್ಡದಾಗಿ ಬರೆದರೂ ಇದು ತಪ್ಪೇ, ಅದು ಗೊತ್ತೇ ನಿಮಗೆ ಎಂದಷ್ಟೇ ಕೇಳಿ ಚೀಟಿ ಬರೆಯತೊಡಗಿದರು.

ಬಳ್ಳಾರಿಯಲ್ಲಿ ಮೊದಲು ಮೂರು ಬೆರಳು ತೆಗೆದರು. ಎಂಟು ದಿನಕ್ಕೆ ಪಾದದ ಮುಂಭಾಗ ಪೂರಾ ಹೋಯಿತು.

ಆ ನಡುವೆ ನಾನು ಮನೆಗೆ ಬಂದು ಇನ್ನೊಂದು ವಿಡಿಯೋ ಮಾಡಿದೆ. ಹಿಂದಿನದು ದುಡ್ಡಿನ ಜಾಹೀರಾತು, ಅತ್ತೆಯ ಮಾತು ಸುಳ್ಳು, ಬಹುಮಾನದ ಚೀಟಿ ಸುಳ್ಳು, ಪುಡಿ ಕುಡಿಯುತ್ತಿರುವವರು ಡಾಕ್ಟರನ್ನು ಕಾಣಿ, ಗುಳಿಗೆ ಬಿಟ್ಟಿದ್ದರೆ ಇವತ್ತೇ ಹೋಗಿ ಎಂದೆ. ಹಳೆಯದನ್ನು ತೆಗೆದುಹಾಕಿದೆ. ತೆಗೆಯುವ ಮೊದಲು ತಂಗಿ ಅದರ ಕೆಳಗೆ ಜನ ಬರೆದಿದ್ದ ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡಳು. ಅದೊಂದು ಬುದ್ಧಿ ಅವಳಿಗೆ ಬಂದದ್ದು ದೊಡ್ಡದು.

ಹೊಸ ವಿಡಿಯೋ ಯಾರಿಗೂ ತಲುಪಲಿಲ್ಲ. ಸಂಜೆಯವರೆಗೆ ನೋಡಿದವರು ನೂರೂ ಇರಲಿಲ್ಲ. ನಾನು ಫೋನು ಕೆಟ್ಟಿದೆ ಎಂದೆ. ತಂಗಿ ಬಿಡಿಸಿ ಹೇಳಿದಳು. ಏನಾದರೂ ಹಾಕಿದರೆ ಆ್ಯಪು ಮೊದಲು ನಮ್ಮನ್ನು ಹಿಂಬಾಲಿಸುವವರಲ್ಲಿ ಸ್ವಲ್ಪ ಮಂದಿಗೆ ತೋರಿಸಿ ನೋಡುತ್ತದಂತೆ. ಅವರು ನಿಂತು ನೋಡಿದರೆ, ಬೇರೆಯವರಿಗೆ ಕಳಿಸಿದರೆ ಮುಂದಕ್ಕೆ ಹೋಗುತ್ತದೆ, ಇಲ್ಲವಾದರೆ ಅಲ್ಲಿಗೇ ನಿಲ್ಲುತ್ತದೆ.

"ಆದ್ರ ನಮ್ಮ ಹತ್ತು ಸಾವಿರದಾಗ ನೋಡೋರು ಯಾರದಾರ ಅಕ್ಕ? ಅವು ಮನುಷ್ಯರ ಅಲ್ಲ. ಹಿಂದಿಂದು ಓಡಿದ್ದು ಮಿಕ್ಸರಿಗೆ ಮತ್ತ ಕಂಪನಿ ರೊಕ್ಕಕ್ಕ."

ಹಾಗಾದರೆ ನಾವೇ ದುಡ್ಡು ಕೊಟ್ಟು ದೂಡೋಣ ಎಂದೆ. ಅದಕ್ಕೂ ಬಾಗಿಲು ಮುಚ್ಚಿತ್ತು. ಅಷ್ಟರಲ್ಲಿ ಆ್ಯಪಿನವರು ಸುಳ್ಳು ಖಾತೆಗಳನ್ನು ಗುಡಿಸಿ ಹಾಕಿದ್ದರು. ಒಂದೇ ದಿನದಲ್ಲಿ ನಮ್ಮ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಿತ್ತು. ನಿಮ್ಮ ಪುಟದಲ್ಲಿ ನಿಜವಲ್ಲದ ಚಟುವಟಿಕೆ ಕಂಡಿದೆ, ಹಣ ಕೊಟ್ಟು ಪ್ರಚಾರ ಮಾಡುವ ಸೌಲಭ್ಯ ಸದ್ಯಕ್ಕಿಲ್ಲ ಎಂದು ಚೀಟಿಯಂಥದೊಂದು ಬಂದಿತ್ತು. ಸುಳ್ಳು ಹೇಳುವಾಗ ಊರಿಗೆಲ್ಲ ಕೇಳಿಸಿದ ಬಾಯಿ ನಿಜ ಹೇಳುವಾಗ ನಮ್ಮ ಓಣಿ ದಾಟಲಿಲ್ಲ. ನಮ್ಮ ಮೊದಲಿನ ಆ ಒಂದೂವರೆ ಸಾವಿರ ಜನವೂ ಆ ಗುಂಪಿನಡಿ ಹೂತುಹೋಗಿದ್ದರು.

ಸ್ಟುಡಿಯೋದವರು ಮನೆಗೇ ಬಂದರು. ನಿಜ ಹೇಳುವ ವಿಡಿಯೋ ತೆಗೆದುಬಿಡು, ಕಂಪನಿಯವರು ಕೇಸು ಹಾಕುತ್ತಾರಂತೆ ಎಂದರು. ಹಾಕಲಿ ಎಂದೆ. ನನ್ನ ಅಂಗಡಿ ಹೋಗತದ ತಂಗೀ ಎಂದು ಕಟ್ಟೆಯ ಮೇಲೆ ಕೂತುಬಿಟ್ಟರು. ಅವರಿಗೆ ನೀರು ಕೊಟ್ಟೆ. ಕುಡಿದು, ಲೋಟ ಇಟ್ಟು ಹೋದರು.

ಮತ್ತೆ ಉಳಿದದ್ದು ನೋಟ್‌ಬುಕ್. ಹೆಸರು ಹಿಡಿದು ಒಬ್ಬೊಬ್ಬರಿಗೆ ಬರೆದೆವು. ಉತ್ತರ ಕೊಟ್ಟವರು ಕೆಲವರು. ಕೊಡದವರ ಊರು ಗೊತ್ತಾದರೆ ಹೋದೆವು. ಮಲಪನಗುಡಿಯಲ್ಲಿ ಒಬ್ಬ ರೈತರು, ನಾವು ಆ ಪುಡಿ ತರಿಸಲೇ ಇಲ್ಲ, ಮಿಕ್ಸರ್ ಆಸೆಗೆ ಹೆಸರು ಬರೆದದ್ದು ಎಂದು ನಕ್ಕು ಮಜ್ಜಿಗೆ ಕೊಟ್ಟರು. ಅಷ್ಟು ಹಗುರಾಗಿ ನಾನು ಎಲ್ಲೂ ಮಜ್ಜಿಗೆ ಕುಡಿದಿಲ್ಲ. ಕಂಪ್ಲಿಯಲ್ಲಿ, ನಮ್ಮ ಅಜ್ಜಿಯ ಓಣಿಗೆ ಎರಡು ಓಣಿ ಈಚೆ, ಒಬ್ಬ ಮುದುಕಿ ಅರ್ಧ ಡಬ್ಬಿ ಮುಗಿಸಿದ್ದರು. ಗುಳಿಗೆಯನ್ನೂ ನುಂಗುತ್ತಿದ್ದರು, ಪುಣ್ಯಕ್ಕೆ. ಅವರ ಸೊಸೆ ನಾನು ಹೇಳಿದ್ದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಅವತ್ತು ಕುಡೀರಿ ಅನ್ನಾಕ ರೊಕ್ಕ ಕೊಟ್ಟಿದ್ರು. ಇವತ್ತು ಬ್ಯಾಡ ಅನ್ನಾಕ ಯಾರು ಕೊಟ್ಟಾರವ್ವಾ?"

ಯಾರೂ ಕೊಟ್ಟಿಲ್ಲ ಎಂದೆ. ಅದನ್ನ ಹೆಂಗ ನಂಬೋದು ಎಂದಳು. ಅದೇ ಓಣಿಗಳಲ್ಲಿ ಮಾತು ಕಲಿತವಳು, ಅಲ್ಲೇ ನಿಂತು ಒಂದು ಮಾತಿಗೂ ಬೆಲೆ ಹುಟ್ಟಿಸಲಾಗದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟದಷ್ಟು ಹೆಸರುಗಳ ಮುಂದೆ ಏನೂ ಗುರುತು ಬಿದ್ದಿಲ್ಲ. ಅವರು ಎಲ್ಲಿಯವರು, ಗುಳಿಗೆ ನುಂಗುತ್ತಿದ್ದಾರೋ ಇಲ್ಲವೋ, ಕಾಲು ಹೇಗಿದೆ, ಯಾವುದೂ ಗೊತ್ತಿಲ್ಲ. ಆ ವಿಡಿಯೋ ನಮ್ಮ ಪುಟದಿಂದ ಹೋದರೂ ಫೋನಿನಿಂದ ಫೋನಿಗೆ ಇಳಿಸಿಕೊಂಡವರ ಬಳಿ ಇದ್ದೇ ಇದೆ. ಈಗಲೂ ಯಾರದೋ ಮನೆಯಲ್ಲಿ ನಾನು "ಕಂಡದ್ದು ಹೇಳ್ತೀನಿ" ಎನ್ನುತ್ತಿರಬಹುದು.

ಆ ಹೆಣ್ಣುಮಗಳು ಬಳ್ಳಾರಿಯಿಂದ ಮನೆಗೆ ಬಂದ ಮೇಲೆ ನಾನು ತಂಗಿಯ ಜೊತೆ ಯಶವಂತನಗರಕ್ಕೆ ಮತ್ತೆ ಹೋದೆ. ಆ ಕಾಲನ್ನು ಒಂದು ಸಲ ಫೋನಿನಲ್ಲಿ ತೋರಿಸಿದರೆ ಸಾವಿರಾರು ಜನಕ್ಕೆ ಮುಟ್ಟುತ್ತದೆ, ಅವರೇ ಎರಡು ಮಾತು ಹೇಳಿದರೆ ಸಾಕು ಎಂದು ತಂಗಿ ದಾರಿಯುದ್ದಕ್ಕೂ ಹೇಳಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮಂಚದ ಮೇಲೆ ಕೂತು, ಕಾಲನ್ನು ಸೀರೆಯ ಸೆರಗಿನಡಿ ಎಳೆದುಕೊಂಡ ಅವರನ್ನು ಕಂಡ ಮೇಲೆ ಕೇಳಲು ನನಗೆ ಬಾಯಿ ಬರಲಿಲ್ಲ. ಆ ಮುಖವನ್ನು ಇನ್ನೊಮ್ಮೆ ನನ್ನ ಪುಟಕ್ಕೆ ಎಳೆಯುವ ಹಕ್ಕು ನನಗಿದೆ ಎನಿಸಲಿಲ್ಲ.

ಕ್ಯಾಂಟೀನಿನಲ್ಲಿ ಬೇರೆಯವರನ್ನು ಇಟ್ಟುಕೊಂಡಿದ್ದರು. ದಿನಕ್ಕೆ ಅಷ್ಟು ರೊಟ್ಟಿ ಬಡಿಯಬೇಕೆಂದರೆ ನಿಂತೇ ಇರಬೇಕು, ಒಂದೂವರೆ ಕಾಲಿನಾಗ ಯಾರು ನಿಂದ್ರತಾರ್ರಿ ಎಂದು ಅವರೇ ಹೇಳಿದರು. ಗಂಡ ಲಾರಿಯ ಮೇಲೆ ಹೋಗಿದ್ದರು. ಗೂಡಿನಲ್ಲಿ ಪುಡಿಯ ಡಬ್ಬಿಗಳಿರಲಿಲ್ಲ. ಆಸ್ಪತ್ರೆಯ ಗುಳಿಗೆಗಳು, ಸೂಜಿ, ಅವರ ಮಡಿಲಲ್ಲಿದ್ದ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಅವರು ಆ ಚೀಲವನ್ನು ತೆಗೆದು ನನ್ನ ಮಡಿಲಿಗೆ ಇಟ್ಟರು.

"ಆ ಡಾಕ್ಟರು ಜಲ್ದಿ ಜಲ್ದಿ ಹೇಳಿದ್ರು ಅಕ್ಕಾರ, ನನಗ ತಿಳೀಲಿಲ್ಲ. ನೀವು ಹೇಳ್ರಿ. ನೀವು ಹೇಳಿದ್ರ ತಗೋತೀನಿ."

ತಂಗಿ ಬಾಗಿಲ ಕಡೆ ಮುಖ ತಿರುಗಿಸಿಕೊಂಡಳು. ನಾನು ಚೀಲದಲ್ಲಿದ್ದ ಡಾಕ್ಟರ ಚೀಟಿಯನ್ನು ಬೆಳಕಿಗೆ ಹಿಡಿದು, ಅದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದೆ. ಇದು ಮುಂಜಾನೆ ಊಟಕ್ಕೆ ಮೊದಲು, ಇದು ಊಟವಾದ ಮೇಲೆ, ಸೂಜಿ ಇಷ್ಟು ಹೊತ್ತಿಗೆ. ಒಂದು ಕಡೆ ಅಕ್ಷರ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಿ, ಚೀಟಿಯ ಮೇಲಿದ್ದ ನಂಬರಿಗೆ ಫೋನು ಹಚ್ಚಿ, ಆಸ್ಪತ್ರೆಯವರ ಮಾತು ನೇರವಾಗಿ ಅವರ ಕಿವಿಗೇ ಬೀಳಲಿ ಎಂದು ಫೋನನ್ನು ಅವರ ಕೈಗೆ ಕೊಟ್ಟೆ.